ಶರಣರ ವೇದಿಕೆಯಲ್ಲಿ ಯಾವ ಕನ್ನಡ?

ಬಸವ ಜಯಂತಿ, ಶ್ರಾವಣದ ಪ್ರವಚನ ಮಾಲೆ, ತಿಂಗಳ ಶಿವಾನುಭವ ಗೋಷ್ಠಿ ಇವುಗಳ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ನನ್ನ ಮನೆಗೆ ಒಬ್ಬಿಬ್ಬರಾದರೂ ಬರುತ್ತಾರೆ. ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನಿಗೆ ಇದೊಂದು ಉಳಿದ ಕಾಯಕ. ಅವರ ಹೆಸರು ಉಪನ್ಯಾಸಕರ ಪಟ್ಟಿಯಲ್ಲಿ ಸೇರಿರುತ್ತದೆ, ಹತ್ತು ಹದಿನೈದು ನಿಮಿಷ ಮಾತನಾಡಬೇಕಾಗಿರುತ್ತದೆ. ವಿಷಯದ ಬಗ್ಗೆ ಅವರಿಗೆ ಅಷ್ಟೇನೂ ಅನುಮಾನ ಇರುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ: "ಸರ, ಪುಸ್ತಕದ ಭಾಷಾದಾಗ ಮಾತಾಡಬೇಕೋ, ಇಲ್ಲಾ ನಾವು ಮನ್ಯಾಗ ಮಾತಾಡಿದಂಗ ಮಾತಾಡಿದ್ರ ನಡೀತೈತೋ?"

ಇದು ಸಣ್ಣ ಪ್ರಶ್ನೆ ಎಂದು ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಹಾಗಲ್ಲ ಎಂದು ತಿಳಿದದ್ದು ಹಾವೇರಿ ಜಿಲ್ಲೆಯ ಒಂದು ಮಠದಲ್ಲಿ ಗೋಷ್ಠಿ ಏರ್ಪಡಿಸುವಾಗ. ಕಾಯಕ ದಾಸೋಹದ ಬಗ್ಗೆ ಈ ಸಲ ಅಕ್ಕನ ಬಳಗದವರೇ ಮಾತಾಡಲಿ ಎಂದು ಅಜ್ಜಾರು ಅಪ್ಪಣೆ ಕೊಟ್ಟರು. ಮೂವರನ್ನು ಕೇಳಿದೆವು. ಇಬ್ಬರು ಕೈ ಮುಗಿದು ಬಿಟ್ಟರು: "ನಮಗ ಹಂಗ ಮಾತಾಡಾಕ ಬರೂದಿಲ್ರಿ." ಇಬ್ಬರಿಗೂ ನೂರಕ್ಕೆ ಕಡಿಮೆಯಿಲ್ಲದಂತೆ ವಚನಗಳು ಬಾಯಿಪಾಠ. ಒಬ್ಬರಂತೂ ಅರ್ಥ ಹೇಳುವುದರಲ್ಲಿ ನನಗಿಂತ ಗಟ್ಟಿ. ‘ಹಂಗ’ ಎಂಬ ಆ ಒಂದು ಪದವೇ ಅವರನ್ನು ತಡೆದದ್ದು. ‘ಹಂಗ’ ಎಂದರೆ ಪ್ರಾಧ್ಯಾಪಕರ ಹಾಗೆ, ಪತ್ರಿಕೆಯ ಹಾಗೆ. ನೂಲು ಹುರಿ ಮಾಡುವವರು, ಬಟ್ಟೆ ಒಗೆಯುವವರು, ದೋಣಿ ನಡೆಸುವವರು ತಮ್ಮ ತಮ್ಮ ಮಾತಿನಲ್ಲೇ ಅನುಭವ ಹೇಳಿದ್ದು ನಮ್ಮ ಪರಂಪರೆ. ವಚನ ಎಂಬ ಪದದ ಅರ್ಥವೇ ಮಾತು. ಆ ಪರಂಪರೆಯ ವೇದಿಕೆಗೆ ಬರಲು ಒಬ್ಬ ತಾಯಿ ತನ್ನ ಮಾತು ಸಾಲದು ಎಂದು ಹಿಂದೆ ಸರಿದರೆ ತಪ್ಪು ಆ ತಾಯಿಯದಲ್ಲ. ಅಷ್ಟು ವರ್ಷ ಆ ವೇದಿಕೆಯಿಂದ ಮಾತಾಡಿದ ನಮ್ಮಂಥವರದು.

ಮೂರನೆಯವರು ಒಪ್ಪಿಕೊಂಡರು. ಖಡಕ್ ರೊಟ್ಟಿ ಮಾಡಿ ಪೇಟೆಗೆ ಕೊಡುವವರು, ಎಂಟು ಹತ್ತು ಜನ ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟವರು. ಅವರು ಮಾತಾಡಬೇಕಾದದ್ದು ಆಯ್ದಕ್ಕಿ ಲಕ್ಕಮ್ಮನವರ ಬಗ್ಗೆ. ಒಂದು ವಾರ ಮೊದಲು ನಾಲ್ಕು ಹಾಳೆ ಹಿಡಿದುಕೊಂಡು ಬಂದರು. ಕಾಲೇಜು ಓದುವ ಅಣ್ಣನ ಮಗ ಬರೆದುಕೊಟ್ಟಿದ್ದ. ಹುಡುಗ ಜಾಣ, ಅಕ್ಷರ ಮುತ್ತಿನಂಥದ್ದು, ತಪ್ಪೇ ಇಲ್ಲ. "ಓದಿ ತೋರಸ್ರಿ ತಾಯಿ" ಅಂದೆ. ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಅವರಿಗೆ ಉಸಿರು ಸಾಲಲಿಲ್ಲ. ಆ ವಾಕ್ಯ ಹೀಗಿತ್ತು:

"ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ನಗರದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಕೈಗೊಂಡು, ಅದರಿಂದ ಪ್ರಾಪ್ತವಾದುದನ್ನು ಜಂಗಮ ದಾಸೋಹಕ್ಕೆ ಸಮರ್ಪಿಸುತ್ತಿದ್ದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಅಧಿಕ ಪ್ರಮಾಣದ ಅಕ್ಕಿಯನ್ನು ತಂದಾಗ ಅದನ್ನು ನಿರಾಕರಿಸಿದ ಲಕ್ಕಮ್ಮನವರ ನಿಲುವು ಸಂಗ್ರಹ ಪ್ರವೃತ್ತಿಯ ವಿರುದ್ಧದ ದಿಟ್ಟ ಧ್ವನಿಯಾಗಿ ಪರಿಗಣಿಸಲ್ಪಟ್ಟಿದೆ."

ಅಚ್ಚಿನಲ್ಲಿ ಈ ವಾಕ್ಯಕ್ಕೆ ದೋಷ ಹೇಳಲು ಆಗುವುದಿಲ್ಲ. ಇಂಥ ವಾಕ್ಯಗಳನ್ನು ಈ ಪತ್ರಿಕೆಯಲ್ಲಿ ನಾನೇ ಬರೆದಿದ್ದೇನೆ. ಆದರೆ ಕೇಳುವವರ ಪಾಡು ನೋಡಿ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಯಾರು ಎಂಬ ಹೆಸರಿಗೂ ಮೊದಲೇ ಅವರ ವಿಶೇಷಣವೆಲ್ಲ ಬಂದುಬಿಡುತ್ತದೆ. ಮೇಲಿನ ವಾಕ್ಯದಲ್ಲಿ ‘ಮಾರಯ್ಯ’ ಎಂಬ ಹೆಸರು ಬರುವ ಮೊದಲು ಹದಿನಾರು ಪದಗಳು ಕಳೆದಿವೆ. ಯಾರ ಬಗ್ಗೆ ಮಾತು ನಡೆದಿದೆ ಎಂದು ತಿಳಿಯದೆಯೇ ಕೇಳುವವರು ಅಷ್ಟನ್ನೂ ತಲೆಯಲ್ಲಿ ಹೊತ್ತುಕೊಂಡಿರಬೇಕು. ಓದುವವನಿಗೆ ಕಣ್ಣು ಹಿಂದಕ್ಕೆ ಹೋಗುತ್ತದೆ, ಕಿವಿಗೆ ಆ ಅನುಕೂಲ ಇಲ್ಲ. ಅದರ ಮೇಲೆ ನಮ್ಮ ಸಭಾಮಂಟಪಗಳಿಗೆ ತಗಡಿನ ಚಾವಣಿ, ಧ್ವನಿವರ್ಧಕದ ಮಾತು ಗೋಡೆಗೆ ಬಡಿದು ಮತ್ತೊಮ್ಮೆ ಬರುತ್ತದೆ. ‘ಪರಿಗಣಿಸಲ್ಪಟ್ಟಿದೆ’ ಎಂಬುದು ಹಿಂದಿನ ಸಾಲಿಗೆ ಮುಟ್ಟುವಾಗ ‘ಪರಿ… ಪಟ್ಟಿದೆ’ ಆಗಿರುತ್ತದೆ.

ಹಾಳೆಗಳನ್ನು ಮಡಚಿ ಬದಿಗಿಡಲು ಹೇಳಿದೆ. "ನಿಮ್ಮ ರೊಟ್ಟಿ ಕೆಲಸದಾಗ ಹೊಸದಾಗಿ ಸೇರಿದ ಹುಡುಗಿಗೆ ಈ ಕತಿ ಹೇಳಬೇಕಾಗೈತಿ ಅಂತ ತಿಳ್ಕೊಳ್ರಿ. ಹೆಂಗ ಹೇಳ್ತೀರಿ?" ಅವರು ಒಂದು ಗಳಿಗೆ ಸುಮ್ಮನಿದ್ದು ಹೇಳತೊಡಗಿದರು. ನಾನು ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ:

"ಮಾರಯ್ಯ ದಿನಾ ಅಕ್ಕಿ ಆರಿಸ್ಕೊಂಡು ಬರ್ತಿದ್ದ. ಕೆಳಗ ಬಿದ್ದದ್ದು. ಅದನ್ನ ಅಡಿಗಿ ಮಾಡಿ ಜಂಗಮರಿಗೆ ನೀಡೋದು, ಆಮ್ಯಾಲೆ ತಾವು ಉಣ್ಣೋದು. ಒಂದಿನ ಏನಾತು, ದಿನಕ್ಕಿಂತ ಒಂದೀಟು ಹೆಚ್ಚು ತಂದ. ಲಕ್ಕಮ್ಮ ನೋಡಿದ್ಲು. ಅಳತಿ ಗೊತ್ತಿದ್ದಾಕಿ ಆಕಿ, ಕೈಯಾಗ ಹಿಡದ ಕೂಡ್ಲೆ ತಿಳೀತು. ‘ಇದ್ಯಾಕ ಇಷ್ಟ ತಂದ್ರಿ? ನಮಗ ಇಷ್ಟ ಬೇಕಾಗಿಲ್ಲ. ಹೊಳ್ಳಿ ಹೋಗಿ ಇಟ್ಟ ಬರ್ರಿ’ ಅಂದ್ಲು."

ಕೊನೆಗೆ ತಾವಾಗಿಯೇ ಸೇರಿಸಿದರು: "ನೋಡ್ರಿ, ಕಡಿಮಿ ತಂದ್ರ ಬೈಯೋ ಹೆಂಡ್ತಿ ಎಲ್ಲಾ ಮನ್ಯಾಗೂ ಇರ್ತಾಳ. ಹೆಚ್ಚು ತಂದದ್ದಕ್ಕ ಬೈದಾಕಿ ಈಕಿ ಒಬ್ಬಾಕೀನ."

ನಾಲ್ಕು ಹಾಳೆಯ ಬರಹದಲ್ಲಿ ಇಷ್ಟು ತೂಕದ ಮಾತು ಒಂದೂ ಇರಲಿಲ್ಲ. ಹುಡುಗನಿಗೆ ಅದು ಹೊಳೆಯುವಂತೆಯೂ ಇರಲಿಲ್ಲ. ಅದು ಆ ತಾಯಿಯ ಅಡುಗೆಮನೆಯ ಅನುಭವ, ಆ ಮಾತಿನಲ್ಲೇ ಹೊರಗೆ ಬರಬೇಕಿತ್ತು.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ನಾವು ಗ್ರಾಂಥಿಕ, ಆಡುಮಾತು ಎಂದು ಜಗಳವಾಡುವಾಗ ಪದಗಳ ಬಗ್ಗೆ ಯೋಚಿಸುತ್ತೇವೆ. ‘ಅಧಿಕ’ ಅನ್ನಬೇಕೋ ‘ಹೆಚ್ಚು’ ಅನ್ನಬೇಕೋ, ‘ಇದೆ’ಯೋ ‘ಐತಿ’ಯೋ ಎಂದು. ಆದರೆ ನಿಜವಾದ ವ್ಯತ್ಯಾಸ ವಾಕ್ಯದ ಕಟ್ಟಿನಲ್ಲಿದೆ. ಆ ತಾಯಿಯ ಮಾತಿನಲ್ಲಿ ಪ್ರತಿ ಕೆಲಸಕ್ಕೂ ಒಂದು ವಾಕ್ಯ. ತಂದ, ನೋಡಿದ್ಲು, ತಿಳೀತು, ಅಂದ್ಲು. ಕ್ರಿಯಾಪದ ಬಂದಲ್ಲಿ ವಾಕ್ಯ ಮುಗಿಯುತ್ತದೆ, ಕೇಳುವವರು ಅಷ್ಟನ್ನು ಇಳಿಸಿ ಮುಂದಿನದಕ್ಕೆ ಕೈ ಚಾಚುತ್ತಾರೆ. ಹೆಸರು ಮೊದಲು ಬರುತ್ತದೆ, ವಿವರಣೆ ಆಮೇಲೆ. ‘ಕೆಳಗ ಬಿದ್ದದ್ದು’ ಎಂದು ಹಿಂದಿನಿಂದ ಸೇರಿಸಿದ ಎರಡು ಪದ ವ್ಯಾಕರಣದ ಪ್ರಕಾರ ಪೂರ್ಣ ವಾಕ್ಯವಲ್ಲ, ಆದರೆ ಕಿವಿಗೆ ಅದು ಬೇಕಾದ ಜಾಗದಲ್ಲೇ ಇದೆ. ಇದೇ ಕಟ್ಟನ್ನು ಉಳಿಸಿಕೊಂಡು ‘ಇದೆ, ತಂದನು, ಹೇಳಿದಳು’ ಎಂದು ಅಚ್ಚಿನ ರೂಪದಲ್ಲಿ ಹೇಳಿದರೂ ಜನಕ್ಕೆ ಮುಟ್ಟುತ್ತದೆ. ಮೊದಲ ವಾಕ್ಯದ ಕಟ್ಟನ್ನು ಹಾಗೇ ಇಟ್ಟು ‘ಐತಿ, ತಂದಾರ, ಹೇಳ್ಯಾರ’ ಎಂದು ಬಾಲ ಮಾತ್ರ ಬದಲಿಸಿದರೆ ಏನೂ ಉಪಯೋಗವಿಲ್ಲ. ಅಂಥ ಭಾಷಣಗಳನ್ನೂ ನಾನು ಕೇಳಿದ್ದೇನೆ. ಆಡುಮಾತು ಎಂದು ಚಪ್ಪಾಳೆ ಬೀಳುತ್ತದೆ, ಏನು ಹೇಳಿದರು ಎಂದು ಹೊರಗೆ ಬಂದು ಕೇಳಿದರೆ ಯಾರಿಗೂ ನೆನಪಿಲ್ಲ.

ಇಲ್ಲಿ ಇನ್ನೊಂದು ಕನ್ನಡದ ಸುದ್ದಿ ಹೇಳಬೇಕು. ಅದು ಮನೆಯದೂ ಅಲ್ಲ, ಪುಸ್ತಕದ್ದೂ ಅಲ್ಲ, ವೇದಿಕೆಯಲ್ಲೇ ಹುಟ್ಟಿ ವೇದಿಕೆಯಲ್ಲೇ ಬೆಳೆದದ್ದು. "ಈ ಒಂದು ಶುಭ ಸಂದರ್ಭದಲ್ಲಿ ನಾನು ಹೇಳಲಿಕ್ಕೆ ಇಷ್ಟಪಡತಕ್ಕಂಥದ್ದು ಏನಂದರೆ, ಬಸವಣ್ಣನವರು ಮಾಡಿದಂಥ ಒಂದು ಕ್ರಾಂತಿ ಏನಿದೆ, ಅದು ಇವತ್ತಿನ ಸಮಾಜಕ್ಕೆ ಬೇಕಾಗಿರತಕ್ಕಂಥ ಒಂದು…" ಈ ‘ತಕ್ಕಂಥ’, ಈ ‘ಒಂದು’, ಈ ‘ಏನಿದೆ’ ಯಾವ ಪುಸ್ತಕದಲ್ಲೂ ಇಲ್ಲ, ಯಾರ ಮನೆಯಲ್ಲೂ ಇಲ್ಲ. ತನ್ನ ಮಾತು ಕೀಳು ಎಂದು ಭಾವಿಸಿದವನು ಮೇಲಿನ ಭಾಷೆಗೆ ಏರಲು ಹೋಗಿ ನಡುವೆ ಸಿಕ್ಕಿಕೊಂಡಾಗ ಹೊರಡುವ ಸದ್ದು ಅದು. ಸರಕಾರಿ ಪತ್ರದಿಂದ ಬಂದ ‘ಏರ್ಪಡಿಸಲಾಗಿರುತ್ತದೆ’, ‘ಆಗಮಿಸಿರುತ್ತಾರೆ’ ಕೂಡ ಇದರ ಜೊತೆಯವೇ. ಎದುರಿಗೆ ಕುಳಿತ ಮನುಷ್ಯನಿಗೆ ‘ಬಂದಿದ್ದಾರೆ’ ಅನ್ನುವುದು ಬಿಟ್ಟು ‘ಆಗಮಿಸಿರುತ್ತಾರೆ’ ಅನ್ನುವುದು ಯಾಕೋ! ಮಹಾಪ್ರಾಣದ ಹೆದರಿಕೆಯೂ ಇದೇ ಜಾತಿಯದು. ‘ಧರ್ಮ’ವನ್ನು ‘ದರ್ಮ’ ಅಂದುಬಿಟ್ಟೇನು ಎಂಬ ಭಯದಲ್ಲಿ ಇರದ ಕಡೆಯೆಲ್ಲ ಉಸಿರು ಹಾಕಿ ‘ಭಸವಣ್ಣ’ ಎಂದವರನ್ನು ನಾನು ಕಂಡಿದ್ದೇನೆ. ‘ದರ್ಮ’ ಎಂದರೂ ಸಭೆಗೆ ಅರ್ಥವಾಗುತ್ತದೆ. ನಕ್ಕವನು ಒಬ್ಬ ಇರಬಹುದು, ಅವನಿಗಾಗಿ ಉಳಿದವರ ಹತ್ತು ನಿಮಿಷ ಹಾಳು ಮಾಡಬೇಕಾಗಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು. ಭಾಷಣದ ಮೈ ಮಾತಾಡುವವರ ಮನೆಯ ಮಾತಿನಲ್ಲೇ ಇರಬೇಕು. ಆದರೆ ಮನೆಯಲ್ಲಿ ಆಡುವ ವೇಗದಲ್ಲಿ, ನುಂಗಿದ ಅಕ್ಷರಗಳೊಂದಿಗೆ ಅಲ್ಲ. ದೂರ ಕುಳಿತ ಮುದುಕಿಗೆ ಕೇಳುವಂತೆ, ನಿಧಾನವಾಗಿ, ವಾಕ್ಯ ಪೂರ್ತಿ ಮಾಡಿ ಆಡಿದ ಮನೆಯ ಮಾತು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ ಕೇಳಿದವರಿಗೆ ನಾನು ಹೇಳುವುದು ಸುಲಭವಾಗಿ ತಿಳಿಯುತ್ತದೆ. ದೊಡ್ಡ ದನಿ ಇಲ್ಲ, ಸಣ್ಣ ಸಣ್ಣ ವಾಕ್ಯ, ನಡುವೆ ಬಿಡುವು. ಹೊಲದಿಂದ ನೇರ ಬಂದವನೂ ತತ್ತ್ವಶಾಸ್ತ್ರ ಓದಿದವನೂ ಒಂದೇ ಜಮಖಾನದ ಮೇಲೆ ಕುಳಿತು ಕೇಳುತ್ತಿದ್ದರು, ಇಬ್ಬರಿಗೂ ಮಾತು ತಮಗೇ ಹೇಳಿದಂತೆ ಇರುತ್ತಿತ್ತು.

ಹಾಗೆಂದು ಗ್ರಾಂಥಿಕ ಭಾಷೆಯನ್ನು ಮಠದ ಹೊರಗೆ ನಿಲ್ಲಿಸಬೇಕು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಅದರದೇ ಜಾಗ ಇದೆ. ಸಭೆಯಲ್ಲಿ ಒಂದು ನಿರ್ಣಯ ಮಂಡಿಸುವಾಗ, ತಹಶೀಲ್ದಾರರಿಗೋ ಸಚಿವರಿಗೋ ಕೊಡುವ ಮನವಿಯನ್ನು ಓದುವಾಗ ಅಚ್ಚಿನ ಕನ್ನಡವೇ ಬೇಕು. ಅಲ್ಲಿ ನಾಳೆ ಯಾರೂ ಬೇರೆ ಅರ್ಥ ಮಾಡಬಾರದು, ಓದಿದ್ದಕ್ಕೂ ಬರೆದದ್ದಕ್ಕೂ ಒಂದು ಅಕ್ಷರ ವ್ಯತ್ಯಾಸ ಇರಬಾರದು. ಮೊದಲ ಸಂಬೋಧನೆಯಲ್ಲಿ ಪೂಜ್ಯರ ಹೆಸರು ಹೇಳುವಾಗ ಶ್ರೀ ಮ.ನಿ.ಪ್ರ. ಎಂದು ಪೂರ್ಣವಾಗಿ ಹೇಳುವುದು ಪದ್ಧತಿ, ಅದನ್ನು ಬಿಡಬೇಕಾಗಿಲ್ಲ. ಆದರೆ ಇದರಲ್ಲೂ ಒಂದು ಮಿತಿ ಬೇಕು. ದಿವ್ಯ ಸಾನ್ನಿಧ್ಯ, ಸಮ್ಮುಖ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿ ಎಂದು ಆಮಂತ್ರಣ ಪತ್ರಿಕೆಯನ್ನು ನಿರೂಪಕರು ಒಮ್ಮೆ ಓದಿರುತ್ತಾರೆ. ಆಮೇಲೆ ಬರುವ ಎಂಟು ಜನ ಭಾಷಣಕಾರರೂ ಅದನ್ನೇ ಎರಡೆರಡು ನಿಮಿಷ ಓದಿದರೆ ಹದಿನಾರು ನಿಮಿಷ ಹೋಯಿತು. ಮಕ್ಕಳ ವಚನ ಗಾಯನಕ್ಕೆ ಸಮಯವಿಲ್ಲ ಎಂದು ಕಡೆಗೆ ಕತ್ತರಿ ಬೀಳುವುದು ಇದೇ ಹದಿನಾರು ನಿಮಿಷಕ್ಕೆ. ರೊಟ್ಟಿ ಮಾಡುವ ನಮ್ಮ ತಾಯಿಗೆ ನಾನು ಹೇಳಿದ್ದು ಇಷ್ಟೇ: "ಅಜ್ಜಾರಿಗೆ ಶರಣು, ವೇದಿಕಿ ಮ್ಯಾಲಿನ ಹಿರಿಯರಿಗೆ ಶರಣು, ಮುಂದ ಕುಂತ ಎಲ್ಲಾ ಶರಣ ಬಂಧುಗಳಿಗೆ ಶರಣು ಶರಣಾರ್ಥಿ." ಇಷ್ಟು ಹೇಳಿ ನೇರ ಕಥೆಗೆ ಬಂದುಬಿಡಿ.

ಇನ್ನು ವಚನ. ಇಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ವಚನವನ್ನು ನಮ್ಮ ಆಡುಮಾತಿಗೆ ತಿರುಗಿಸಿ ಹೇಳಬಾರದು, ಅದರ ಒಂದು ಪದವನ್ನೂ ‘ಸರಳ’ ಮಾಡಬಾರದು. ಪರಿಷ್ಕೃತ ಮುದ್ರಣದಲ್ಲಿ ಹೇಗಿದೆಯೋ ಹಾಗೆ, ಅಂಕಿತದ ಸಮೇತ, ನಿಧಾನವಾಗಿ ಹೇಳಬೇಕು. ಸಾಧ್ಯವಾದರೆ ಎರಡು ಸಲ. ಮೊದಲ ಸಲ ಕಿವಿ ಹೊಂದಿಕೊಳ್ಳುತ್ತದೆ, ಎರಡನೆಯ ಸಲ ಅರ್ಥ ಬರುತ್ತದೆ. ಆಮೇಲೆ ಒಂದು ಉಸಿರು ನಿಲ್ಲಿಸಿ ಸ್ವಂತ ಮಾತಿಗೆ ಇಳಿಯಬೇಕು. ಆ ನಿಲುಗಡೆ ಮುಖ್ಯ. ಶರಣರ ಮಾತು ಎಲ್ಲಿ ಮುಗಿಯಿತು, ಭಾಷಣಕಾರನ ಮಾತು ಎಲ್ಲಿ ಶುರುವಾಯಿತು ಎಂದು ಕೇಳುವವರಿಗೆ ಗೊತ್ತಾಗಬೇಕು. ಕೆಲವರು ವಚನ ಹೇಳಿ ಮುಗಿಸಿದ ಮೇಲೂ ತಮ್ಮ ಮಾತಿನಲ್ಲಿ ‘ಎನ್ನ’, ‘ಕಾಣಾ’, ‘ಅಯ್ಯಾ’ ಸೇರಿಸುತ್ತ ಹೋಗುತ್ತಾರೆ. ಸಭೆಯಲ್ಲಿದ್ದ ಹುಡುಗರು ಅದನ್ನೂ ವಚನ ಎಂದೇ ತಿಳಿದು ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಶರಣರ ಹೆಸರಿನಲ್ಲಿ ಖೊಟ್ಟಿ ಮಾತು ಸೇರಿಕೊಳ್ಳುವ ದಾರಿಗಳಲ್ಲಿ ಇದೂ ಒಂದು.

ವಚನದ ವಿವರಣೆಯಲ್ಲಿ ಉಳಿಸಬೇಕಾದ ಪದಗಳೂ ಇವೆ. ಕಾಯಕ, ದಾಸೋಹ, ಪ್ರಸಾದ, ಇಷ್ಟಲಿಂಗ, ಜಂಗಮ ಇವು ಗ್ರಾಂಥಿಕ ಎಂದು ಯಾರಿಗೂ ಅನ್ನಿಸುವುದಿಲ್ಲ, ಮನೆಯ ಪದಗಳೇ ಆಗಿವೆ. ಇವನ್ನು ಬದಲಿಸಿದರೆ ಹಾನಿಯೇ ಹೆಚ್ಚು. ಪಟ್ಟಣಗಳಲ್ಲಿ ಆಡುಮಾತು ಎಂದರೆ ಇಂಗ್ಲಿಷ್ ಬೆರೆತ ಮಾತು. ಅಲ್ಲಿ ಕಾಯಕಕ್ಕೆ ‘ವರ್ಕ್ ಈಸ್ ವರ್ಶಿಪ್’ ಎಂದು ಒಂದು ಸಾಲು ಎಸೆದು ಮುಂದೆ ಹೋಗುವ ಚಾಳಿ ಇದೆ. ದುಡಿಮೆ ಪೂಜೆ ಎಂಬಷ್ಟೇ ಅರ್ಥವಾದರೆ ಲಕ್ಕಮ್ಮನವರ ಕಥೆ ತಿಳಿಯುವುದೇ ಇಲ್ಲ. ಮಾರಯ್ಯ ಹೆಚ್ಚು ದುಡಿದ, ಹೆಚ್ಚು ಪೂಜೆ ಮಾಡಿದಂತಾಯಿತಲ್ಲ, ತಪ್ಪೇನು? ಕಾಯಕದಲ್ಲಿ ದಾಸೋಹ ಸೇರಿಕೊಂಡಿದೆ, ತನಗೆಂದು ಕೂಡಿಡುವುದು ಅದರಲ್ಲಿ ಸೇರುವುದಿಲ್ಲ ಎಂಬುದು ಆ ಇಂಗ್ಲಿಷ್ ಸಾಲಿನಲ್ಲಿ ಇಲ್ಲ. ನಮ್ಮ ತಾಯಿ ‘ಅಳತಿ ಗೊತ್ತಿದ್ದಾಕಿ’ ಎಂಬ ಎರಡು ಪದದಲ್ಲಿ ಅದನ್ನು ಹೇಳಿದ್ದರು.

ಗೌರವದ ಪ್ರಶ್ನೆಯೊಂದು ತಾಲೀಮಿನ ದಿನ ಎದ್ದಿತು. ಸಮಿತಿಯ ಹಿರಿಯರೊಬ್ಬರು ಕುಳಿತು ಕೇಳುತ್ತಿದ್ದರು. "ಲಕ್ಕಮ್ಮ ಅಂದ್ಲು, ಮಾರಯ್ಯ ತಂದ ಅಂತ ಏಕವಚನದಾಗ ಹೇಳೋದು ಸರಿ ಕಾಣೂದಿಲ್ಲ. ಶರಣರಿಗೆ ಬಹುವಚನ ಬೇಕು" ಅಂದರು. ಅವರ ಮಾತನ್ನು ತೆಗೆದುಹಾಕುವಂತಿಲ್ಲ. ಕಥೆ ಹೇಳುವ ಸುಖದಲ್ಲಿ ಶರಣರು ನಮ್ಮ ಓಣಿಯ ಗಂಡ ಹೆಂಡತಿ ಆಗಿಬಿಡಬಾರದು. ಆದರೆ ‘ಲಕ್ಕಮ್ಮನವರು ಮಾರಯ್ಯನವರಿಗೆ ಹೇಳಿದರು’ ಎಂದೊಡನೆ ಆ ತಾಯಿಯ ಬಾಯಿ ಬಿಗಿದುಕೊಂಡಿತು, ಮುಂದಿನ ವಾಕ್ಯ ತಾನಾಗಿ ಪುಸ್ತಕದ ಕಡೆ ಹೊರಳಿತು. ಒಂದು ಕ್ರಿಯಾಪದದ ಬಾಲ ಇಡೀ ಭಾಷಣವನ್ನು ಹೇಗೆ ಎಳೆದುಕೊಂಡು ಹೋಗುತ್ತದೆ ಎಂದು ನಾನು ಅವತ್ತು ಕಣ್ಣಾರೆ ನೋಡಿದೆ. ಕೊನೆಗೆ ದಾರಿ ತೋರಿಸಿದ್ದೂ ಅವರೇ: "ಲಕ್ಕಮ್ಮ ತಾಯಿ ಅಂದ್ಲು ಅಂತೀನ್ರಿ. ತಾಯಿಗೆ ಯಾರರೆ ಬಹುವಚನ ಹಚ್ತಾರೇನು?" ಹಿರಿಯರು ನಕ್ಕು ಒಪ್ಪಿದರು. ಕನ್ನಡದಲ್ಲಿ ತಾಯಿಗೂ ದೇವರಿಗೂ ಏಕವಚನವೇ ದೊಡ್ಡ ಗೌರವ. ಮಾರಯ್ಯನವರಿಗೆ ‘ಮಾರಯ್ಯ ಶರಣರು ತಂದ್ರು’ ಎಂದಾಯಿತು. ಆಡುಮಾತಿನಲ್ಲಿ ಗೌರವ ಸೂಚಿಸಲು ಬರುವುದಿಲ್ಲ ಎಂಬುದು ಸುಳ್ಳು. ಅದರ ದಾರಿ ಬೇರೆ, ಅಷ್ಟೆ.

ನನ್ನ ಈ ವಾದಕ್ಕೆ ಎದುರಾಗಿ ಗಟ್ಟಿಯಾಗಿ ಮಾತನಾಡುವವರೂ ಇದ್ದಾರೆ. ಅವರ ಒಂದು ಮಾತು ನನ್ನನ್ನು ಬಹಳ ದಿನ ಕಾಡಿದೆ. ಉತ್ತರ ಕರ್ನಾಟಕದ ಮಾತನ್ನು ಸಿನಿಮಾ, ಟಿವಿಗಳು ನಗೆಯ ಸರಕು ಮಾಡಿಬಿಟ್ಟಿವೆ, ವೇದಿಕೆಯಲ್ಲಿ ‘ಐತ್ರಿ’, ‘ಹೌದಲ್ರಿ’ ಅಂದೊಡನೆ ಜನ ನಗಲು ಸಿದ್ಧರಾಗುತ್ತಾರೆ, ಧರ್ಮದ ಗಂಭೀರ ವಿಷಯ ನಗೆಹಬ್ಬ ಆಗಬಾರದು ಎಂಬುದು ಅವರ ವಾದ. ಇದು ನಿಜವೂ ಹೌದು. ಕೆಲವು ಪ್ರವಚನಕಾರರು ನಗೆಗಾಗಿಯೇ ಹಳ್ಳಿ ಮಾತನ್ನು ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಶುದ್ಧ ಶಿಷ್ಟ ಕನ್ನಡ ಆಡುವವರು ವೇದಿಕೆ ಹತ್ತಿ ‘ಏನ್ಲೇ ತಮ್ಮಾ’ ಎಂದು ಹಳ್ಳಿಯವನ ಪಾತ್ರ ಮಾಡುತ್ತಾರೆ. ಆ ಪಾತ್ರ ಯಾವಾಗಲೂ ದಡ್ಡನದೇ ಆಗಿರುತ್ತದೆ. ಎದುರಿಗೆ ಕುಳಿತ ಹಳ್ಳಿಯವರೂ ನಗುತ್ತಾರೆ, ಆ ನಗೆ ತಮ್ಮ ಮೇಲೆಯೇ ಎಂದು ಆಮೇಲೆ ಹೊಳೆಯುತ್ತದೆ. ಇದಕ್ಕಿಂತ ಅಪ್ಪಟ ಗ್ರಾಂಥಿಕ ಎಷ್ಟೋ ವಾಸಿ.

ಆದರೆ ಗಮನಿಸಿ ನೋಡಿ, ನಗೆ ಎದ್ದೇಳುವುದು ಯಾವಾಗ? ಗ್ರಾಂಥಿಕದಲ್ಲಿ ಐದು ನಿಮಿಷ ಮಾತಾಡಿ ನಡುವೆ ಒಮ್ಮೆಲೇ ಆಡುಮಾತಿಗೆ ಜಾರಿದಾಗ. ಆ ಏರಿಳಿತವೇ ನಗೆ ತರಿಸುತ್ತದೆ, ಮಾತಲ್ಲ. ಮೊದಲ ವಾಕ್ಯದಿಂದಲೇ ಒಂದೇ ಮಾತಿನಲ್ಲಿ ನಡೆದವರಿಗೆ ಒಂದು ನಿಮಿಷದೊಳಗೆ ಸಭೆ ಹೊಂದಿಕೊಳ್ಳುತ್ತದೆ. ಆಮೇಲೆ ಯಾರೂ ಭಾಷೆ ಕೇಳುವುದಿಲ್ಲ, ವಿಷಯ ಕೇಳುತ್ತಾರೆ. ಹಾಗಾಗಿ ಬೆರಕೆ ಮಾಡುವುದಾದರೆ ಎಲ್ಲಿ ಮಾಡುತ್ತೇವೆ ಎಂದು ಮೊದಲೇ ನಿರ್ಧರಿಸಿಕೊಳ್ಳಬೇಕು. ವಚನಕ್ಕೆ ಏರುವುದು, ವಚನದಿಂದ ಇಳಿಯುವುದು, ಅಷ್ಟೇ ಸಾಕು.

ಊರು ಬಿಟ್ಟು ಹೊರಗೆ ಮಾತಾಡುವಾಗ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಹಾವೇರಿ, ಧಾರವಾಡ ಕಡೆಯ ‘ಐತಿ’ ಕಲಬುರಗಿ, ಬೀದರ ಕಡೆ ‘ಅದ’ ಆಗುತ್ತದೆ. ಅದರಿಂದ ತೊಂದರೆಯಿಲ್ಲ, ಅವರಿಗೆ ನಮ್ಮದು ತಿಳಿಯುತ್ತದೆ, ನಮಗೆ ಅವರದು. ಮೈಸೂರು, ಚಾಮರಾಜನಗರದ ಕಡೆ ಹೋದಾಗ ‘ಹೇಳ್ಯಾರ’ ಎಂಬುದನ್ನು ‘ಹೇಳಿದ್ದಾರೆ’ ಎಂದು ಒಂದು ಮೆಟ್ಟಿಲು ಏರಿಸಿಕೊಳ್ಳುವುದು ಒಳ್ಳೆಯದು. ‘ಪಗಾರ’, ‘ದವಾಖಾನಿ’, ‘ಸಾಲಿ’ ಇಂಥ ಪದಗಳಿಗೆ ಸಂಬಳ, ಆಸ್ಪತ್ರೆ, ಶಾಲೆ ಎಂದು ಬದಲಿಸಿಕೊಳ್ಳಬೇಕು. ವಾಕ್ಯದ ಕಟ್ಟು ಮಾತ್ರ ಮೊದಲಿನ ಹಾಗೇ ಇರಲಿ. ಆದರೆ ಅವರ ಮಾತನ್ನು ಅನುಕರಿಸಲು ಹೋಗಬಾರದು. ಧಾರವಾಡದವನು ‘ಏನ್ ಬುದ್ಧಿ, ಚೆಂದಾಗಿದ್ದೀರಾ’ ಎಂದು ಶುರು ಮಾಡಿದರೆ ಅವರಿಗೆ ಅದು ಪ್ರೀತಿ ಅನ್ನಿಸುವುದಿಲ್ಲ, ಅಣಕ ಅನ್ನಿಸುತ್ತದೆ. ಬೆಂಗಳೂರಿನ ಸಭೆಗಳಲ್ಲಿ ನಾಲ್ಕೂ ಕಡೆಯವರು ಇರುತ್ತಾರೆ, ಜೊತೆಗೆ ಮನೆಯಲ್ಲಿ ಅರ್ಧ ಇಂಗ್ಲಿಷ್ ಆಡುವ ಮಕ್ಕಳು. ಅಲ್ಲೂ ಸಣ್ಣ ವಾಕ್ಯದ ಶಿಷ್ಟ ಕನ್ನಡವೇ ಸುರಕ್ಷಿತ.

ಗೋಷ್ಠಿಯ ದಿನದ ಸುದ್ದಿಗೆ ಬರುತ್ತೇನೆ. ಸುಮಾರು ನೂರೈವತ್ತು ಜನ ಸೇರಿದ್ದರು, ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ನಾಲ್ಕು ಹಾಳೆಯ ಬದಲು ಆ ತಾಯಿಯ ಕೈಯಲ್ಲಿ ಒಂದು ಚೀಟಿ ಇತ್ತು. ಅದರಲ್ಲಿ ಪೂರ್ತಿ ಬರೆದಿದ್ದದ್ದು ಲಕ್ಕಮ್ಮನವರ ವಚನ ಮಾತ್ರ, ಉಳಿದದ್ದು ಐದಾರು ಪದ: ಅಕ್ಕಿ, ಅಳತಿ, ಹೊಳ್ಳಿ ಹೋಗಿ, ನಮ್ಮ ರೊಟ್ಟಿ, ಉಳಿದ ಹಿಟ್ಟು. ಪೂರ್ತಿ ಬರೆದುಕೊಂಡರೆ ಕಣ್ಣು ಹಾಳೆಗೆ ಅಂಟುತ್ತದೆ, ಕಣ್ಣು ಹಾಳೆಗೆ ಅಂಟಿದರೆ ನಾಲಿಗೆ ಪುಸ್ತಕದ ಕಡೆ ಹೋಗುತ್ತದೆ. ಅದಕ್ಕೇ ಚೀಟಿ. ಮೊದಲ ಎರಡು ನಿಮಿಷ ದನಿ ನಡುಗಿತು. ನಡುವೆ ಒಮ್ಮೆ ‘ಈ ಒಂದು ಸಂದರ್ಭದಲ್ಲಿ’ ಎಂದು ಬಂದೇ ಬಿಟ್ಟಿತು, ವರ್ಷಗಟ್ಟಲೆ ಕೇಳಿದ್ದು ಎಲ್ಲಿ ಹೋದೀತು. ತಾವೇ ತಡೆದು "ಇರ್ಲಿ, ಸುದ್ದಿಗೆ ಬರ್ತೀನಿ" ಎಂದರು. ಹೆಚ್ಚು ತಂದದ್ದಕ್ಕೆ ಬೈದವಳು ಈಕೆ ಒಬ್ಬಳೇ ಎಂಬ ಮಾತು ಬಂದಾಗ ಹೆಣ್ಣುಮಕ್ಕಳ ಕಡೆಯಿಂದ ನಗೆಯೂ ಬಂತು, ಹಿಂದೆಯೇ ‘ಹೂಂ’ ಎಂಬ ದನಿಯೂ ಬಂತು. ಪ್ರವಚನಗಳಲ್ಲಿ ಆ ‘ಹೂಂ’ ಕೇಳಿಸುತ್ತದೆಯೋ ಇಲ್ಲವೋ ಎಂಬುದೇ ನನ್ನ ಪರೀಕ್ಷೆ. ಚಪ್ಪಾಳೆಯನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು, ‘ಹೂಂ’ ಕೇಳಿ ಪಡೆಯಲು ಬರುವುದಿಲ್ಲ.

ಒಂಬತ್ತು ನಿಮಿಷಕ್ಕೆ ಮುಗಿಸಿದರು. ಆಮೇಲೆ ಮಾತಾಡಿದವನು ನಾನು. ಬರೆದುಕೊಂಡು ಹೋಗಿದ್ದ ಹಾಳೆ ಅಂಗಿಯ ಕಿಸೆಯಲ್ಲೇ ಉಳಿಯಿತು.

ಒಂದು ತೊಡಕು ಇನ್ನೂ ಬಗೆಹರಿದಿಲ್ಲ. ಮಠದ ಸ್ಮರಣ ಸಂಚಿಕೆಯಲ್ಲಿ ಅವರ ಭಾಷಣವನ್ನು ಅಚ್ಚು ಮಾಡಬೇಕೆಂದು ತೀರ್ಮಾನವಾಯಿತು, ಅದನ್ನು ‘ತಿದ್ದಿ’ ಕೊಡುವ ಕೆಲಸ ನನಗೆ ಬಂತು. ಅಭ್ಯಾಸ ಬಲದಿಂದ ಎರಡು ಪುಟ ತಿದ್ದಿದೆ. ಓದಿ ನೋಡಿದರೆ ಆ ಹುಡುಗನ ನಾಲ್ಕು ಹಾಳೆ ಮತ್ತೆ ಎದುರಿಗೆ ಬಂದಂತಾಯಿತು. ಹಾಗೇ ಬಿಡೋಣ ಎಂದರೆ ‘ಆಕಿ’, ‘ಹಿಡದ’, ‘ಇಟ್ಟ’ ಇವನ್ನು ಅಚ್ಚಿನಲ್ಲಿ ಓದುವಾಗ ನಮ್ಮ ಜನಕ್ಕೇ ತೊಡರುತ್ತದೆ, ಕಿವಿಗೆ ಸುಲಭವಾದದ್ದು ಕಣ್ಣಿಗೆ ಕಷ್ಟ. ಸದ್ಯಕ್ಕೆ ವಿವರಣೆಯ ಭಾಗಗಳಿಗೆ ಅಚ್ಚಿನ ರೂಪ ಕೊಟ್ಟು, ಲಕ್ಕಮ್ಮ ತಾಯಿ ಆಡುವ ಮಾತುಗಳನ್ನೂ ಆ ‘ಈಕಿ ಒಬ್ಬಾಕೀನ’ ಎಂಬ ವಾಕ್ಯವನ್ನೂ ಮುಟ್ಟದೆ ಬಿಟ್ಟಿದ್ದೇನೆ. ಕರಡು ಅವರ ಮನೆಗೆ ಹೋಗಿದೆ. ಅಣ್ಣನ ಮಗ ಓದಿ ಹೇಳುತ್ತಾನಂತೆ.